ಗುಟ್ಟು ಇರೋದು 118ನೇ ಪುಟದಲ್ಲಿ: ಒಂದು ಪುಸ್ತಕ ಬಿಡುಗಡೆಯ ಪೋಸ್ಟ್ ತಿದ್ದಿದ ಪ್ರಕರಣ

ಶಿಡ್ಲಘಟ್ಟ ಕಡೆಯ ಒಬ್ಬ ನಿವೃತ್ತ ಶಿಕ್ಷಕಿ ತಮ್ಮ ಮೊದಲ ಕಾದಂಬರಿಯನ್ನು ತಮ್ಮದೇ ದುಡ್ಡಲ್ಲಿ ಅಚ್ಚು ಹಾಕಿಸುತ್ತಿದ್ದರು. 300 ಪ್ರತಿ, ಡೆಮಿ ಅಳತೆ, 184 ಪುಟ, ಬೆಲೆ 220 ರೂಪಾಯಿ. ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಪುಟ ಕಟ್ಟಿದ್ದು, ಕರಡು ತಿದ್ದಿದ್ದು ನಾನೇ. ಒಳಪುಟಗಳು ಪ್ರೆಸ್ಸಿಗೆ ಹೋದ ಮೇಲೆ ಒಂದು ಸಂಜೆ ಅವರು ಫೋನಲ್ಲಿ ಬರೆದಿಟ್ಟುಕೊಂಡಿದ್ದ ಪೋಸ್ಟ್ ತೋರಿಸಿದರು. ಫೇಸ್‌ಬುಕ್ಕಿಗೂ ಅದೇ, ವಾಟ್ಸಾಪ್ ಗುಂಪುಗಳಿಗೂ ಅದೇ. "ಕಾಗುಣಿತ ನೋಡಿಬಿಡಿ ಸಾಕು, ರಾತ್ರಿಗೆ ಹಾಕಿಬಿಡ್ತೀನಿ" ಅಂದರು. ಕಾಗುಣಿತ ಸರಿಯಾಗಿಯೇ ಇತ್ತು. ಆದರೆ ಓದಿ ಮುಗಿಸುವಷ್ಟರಲ್ಲಿ ನನಗೆ ಹೊಟ್ಟೆ ಉರಿಯಿತು. ಮೂರು ವರ್ಷ ಕೂತು ಬರೆದ ಕಾದಂಬರಿಯ ಗುಟ್ಟನ್ನು ಆ ಪೋಸ್ಟ್ ಒಂದು ನಿಮಿಷದಲ್ಲಿ ಬಿಟ್ಟುಕೊಟ್ಟಿತ್ತು.

ಮುಂದೆ ಹೋಗುವ ಮೊದಲು ಒಂದು ಮಾತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅವರ ನಿಜವಾದ ಗುಟ್ಟನ್ನು ನಾನು ಇಲ್ಲಿ ಹೇಳಿದರೆ ಆ ರಾತ್ರಿ ತಡೆದದ್ದನ್ನು ನಾನೇ ಮಾಡಿದ ಹಾಗಾಗುತ್ತದೆ. ಅದಕ್ಕೆ ಪುಸ್ತಕದ ಹೆಸರು, ಪಾತ್ರಗಳು, ಪುಟದ ಅಂಕಿ, ಗುಟ್ಟು ಎಲ್ಲವನ್ನೂ ಬದಲಿಸಿದ್ದೇನೆ. ಗುಟ್ಟಿನ ಜಾತಿ ಮಾತ್ರ ಅದೇ. ನಮ್ಮ ತಿದ್ದುವಿಕೆ ನಡೆದ ದಾರಿಯೂ ಅದೇ.

ಕಾದಂಬರಿಯ ಹೆಸರು "ಐದನೇ ಜ್ವರ" ಅಂತಿಟ್ಟುಕೊಳ್ಳಿ. ಮೊದಲ ಪೋಸ್ಟಿನಲ್ಲಿ ಕತೆಯ ಭಾಗ ಹೀಗಿತ್ತು:

> ಗಂಡ ಬಿಟ್ಟುಹೋದ ಗೌರಮ್ಮ ರೇಷ್ಮೆ ಸಾಕಿ ಮಗಳನ್ನು ಓದಿಸುತ್ತಾಳೆ. ಪ್ರತಿ ಯುಗಾದಿಗೆ ಗಂಡನ ಹೆಸರಲ್ಲಿ ಒಂದು ಮನಿಯಾರ್ಡರ್ ಬರುತ್ತದೆ. ಅವನನ್ನು ಹುಡುಕಿ ಚಿಂತಾಮಣಿಗೆ ಹೋದವಳಿಗೆ ಸಿಗುವುದು ನಿರಾಶೆ. ಆದರೆ ಆ ದುಡ್ಡು ಕಳಿಸುತ್ತಿದ್ದವಳು ಜೊತೆಯಲ್ಲೇ ಇದ್ದ ಅತ್ತೆ ಎಂದು ತಿಳಿದಾಗ ಅವಳಿಗಾಗುವ ಆಘಾತ ನಿಮ್ಮ ಕಣ್ಣಲ್ಲಿ ನೀರು ತರಿಸುತ್ತದೆ. ಹಾಲು ಹಾಕಿ ಕೂಡಿಟ್ಟ ದುಡ್ಡಲ್ಲಿ ಸೊಸೆಯ ಆಸೆಯನ್ನು ಉಳಿಸಿದ ಆ ಮಹಾತಾಯಿಯ ಕೊನೆಯ ಕಾಯಿಲೆಯೇ ಐದನೇ ಜ್ವರ. ಅನಿರೀಕ್ಷಿತ ತಿರುವುಗಳ ಈ ಕಾದಂಬರಿಯನ್ನು ಕೊಂಡು ಓದಿ.

ಇದಕ್ಕೂ ಮೊದಲು ಹನ್ನೆರಡು ಸಾಲು ಕೃತಜ್ಞತೆ ಇತ್ತು, ಕೊನೆಗೆ ಬೆಲೆ ಮತ್ತು ಫೋನ್ ನಂಬರ್.

"ಮೇಡಂ, ಅತ್ತೆ ವಿಷಯ ಇಲ್ಲೇ ಹೇಳಿಬಿಟ್ಟಿದ್ದೀರಲ್ಲ?" ಅಂದೆ.

"ಕತೆಯಲ್ಲಿ ಗಟ್ಟಿ ಇರೋದೇ ಅದು ಅಲ್ವಾ? ಅದನ್ನೇ ಹೇಳದಿದ್ದರೆ ಯಾಕಪ್ಪಾ ಕೊಳ್ತಾರೆ?" ಅಂದರು.

ಈ ಪ್ರಶ್ನೆಯನ್ನು ಹಗುರವಾಗಿ ತಗೊಳ್ಳಬಾರದು. ಸ್ವಂತ ಖರ್ಚಲ್ಲಿ ಪುಸ್ತಕ ತರುವವರಿಗೆ ಇದು ನಿಜವಾದ ಭಯ. ಹೆಸರು ಗೊತ್ತಿಲ್ಲದ ಲೇಖಕಿ, ಹಿಂದೆ ದೊಡ್ಡ ಪ್ರಕಾಶನ ಇಲ್ಲ, ಅಂಗಡಿಯ ಕಪಾಟಿನಲ್ಲಿ ಜಾಗ ಇಲ್ಲ. ಇರುವುದು ಒಂದೇ ಪೋಸ್ಟ್. ಅದರಲ್ಲಿ ತಮ್ಮ ಹತ್ತಿರ ಇರುವ ಒಳ್ಳೇ ಒಡವೆಯನ್ನೇ ಹಾಕಿಕೊಂಡು ಬರಬೇಕು ಅನಿಸುವುದು ಸಹಜ. ಜೊತೆಗೆ ಮೂವತ್ತು ವರ್ಷ ಮಕ್ಕಳಿಗೆ ಪಾಠದ ಸಾರಾಂಶ ಬರೆಸಿದ ಕೈ ಅದು. ಸಾರಾಂಶ ಅಂದರೆ ಕೊನೆತನಕ ಹೇಳಬೇಕು, ಇಲ್ಲದಿದ್ದರೆ ಅಂಕ ಇಲ್ಲ.

ನಾನು 118ನೇ ಪುಟದ ಕರಡನ್ನು ತೆಗೆದು ಅವರ ಮುಂದಿಟ್ಟೆ. ಅಲ್ಲಿ ಗೌರಮ್ಮ ಅತ್ತೆಯ ತಗಡಿನ ಪೆಟ್ಟಿಗೆಯಲ್ಲಿ ಡೇರಿಯ ಪಾಸ್‌ಬುಕ್ ಹುಡುಕುತ್ತಾಳೆ. ಪಾಸ್‌ಬುಕ್ಕಿನ ಕೆಳಗೆ ಹನ್ನೊಂದು ಸಣ್ಣ ಚೀಟಿ ಸಿಗುತ್ತವೆ. ಮನಿಯಾರ್ಡರ್ ಮಾಡಿದವರಿಗೆ ಅಂಚೆ ಕಚೇರಿ ಕೊಡುತ್ತಿದ್ದ ರಸೀದಿ. ಅವಳ ಹತ್ತಿರವೂ ಹನ್ನೊಂದು ಚೀಟಿ ಇವೆ, ದುಡ್ಡು ಪಡೆದವರಿಗೆ ಹರಿದುಕೊಡುತ್ತಿದ್ದ ಕೂಪನ್. ಅವನ್ನು ನೆಲದ ಮೇಲೆ ಒಂದರ ಪಕ್ಕ ಒಂದು ಇಡುತ್ತಾಳೆ. ಮೊತ್ತ ಒಂದೇ, ತಾರೀಕು ಎರಡು ಮೂರು ದಿನ ಹಿಂದೆ ಮುಂದೆ. ಲೇಖಕಿ ಇಲ್ಲಿ ಒಂದು ಮಾತೂ ಸೇರಿಸಿಲ್ಲ. ಆರು ಸಾಲಲ್ಲಿ ಅಧ್ಯಾಯ ಮುಗಿಯುತ್ತದೆ.

"ಈ ಆರು ಸಾಲು ಓದುವಾಗ ಓದುಗರಿಗೆ ಅತ್ತೆ ವಿಷಯ ಮೊದಲೇ ಗೊತ್ತಿದ್ದರೆ?" ಅಂತ ಕೇಳಿದೆ.

ಅವರು ತುಂಬಾ ಹೊತ್ತು ಆ ಪುಟ ನೋಡುತ್ತಾ ಕೂತರು. "ಬರೀ ಚೀಟಿ ಲೆಕ್ಕ ಆಗುತ್ತೆ" ಅಂದರು. ಆ ರಾತ್ರಿ ಪೋಸ್ಟ್ ಹಾಕಲಿಲ್ಲ.

ಮಾರನೇ ದಿನ ಮೊದಲು ಮಾಡಿದ ಕೆಲಸ ಪೆನ್ಸಿಲಿನದ್ದು. ಪೋಸ್ಟಿನ ಪ್ರತಿ ವಾಕ್ಯದ ಪಕ್ಕ, ಆ ಸಂಗತಿ ಓದುಗರಿಗೆ ಪುಸ್ತಕದ ಯಾವ ಪುಟದಲ್ಲಿ ಗೊತ್ತಾಗುತ್ತದೆ ಅಂತ ಬರೆದೆವು. ಗಂಡ ಹೋದದ್ದು 5. ಮೊದಲ ಮನಿಯಾರ್ಡರ್ 11. ಚಿಂತಾಮಣಿಯ ನಿರಾಶೆ 47. ಅತ್ತೆಯ ರಸೀದಿ 118. ಹಾಲಿನ ದುಡ್ಡು 131. ಐದನೇ ಜ್ವರ ಅಂದರೆ ಏನು ಅನ್ನುವುದು 176. ಅಂಕಿಗಳನ್ನು ಹೀಗೆ ಸಾಲಾಗಿ ನೋಡಿದಾಗ ಅವರಿಗೇ ಗಾಬರಿಯಾಯಿತು. 184 ಪುಟದ ಪುಸ್ತಕದಲ್ಲಿ 176ನೇ ಪುಟದವರೆಗೆ ಪೋಸ್ಟ್ ಹೋಗಿಬಂದಿತ್ತು. ನಾನು ಇಟ್ಟುಕೊಂಡಿರುವ ಅಳತೆ ಏನೆಂದರೆ, ಕತೆಯ ಮುಖ್ಯ ಪ್ರಶ್ನೆ ಎದ್ದು ನಿಲ್ಲುವ ಪುಟದಲ್ಲೇ ಪೋಸ್ಟೂ ನಿಲ್ಲಬೇಕು. ಈ ಪುಸ್ತಕದಲ್ಲಿ ಅದು 20ನೇ ಪುಟ. ಅಲ್ಲಿಂದ ಮುಂದಿನದ್ದಕ್ಕೆಲ್ಲ ಗೀಟು ಹಾಕಿದೆವು.

ಎರಡು ದಿನ ಬಿಟ್ಟು ಅವರು ಹೊಸದಾಗಿ ಬರೆದು ತಂದರು:

> ಒಂದು ಹೆಣ್ಣಿನ ನೋವು, ನಿರೀಕ್ಷೆ ಮತ್ತು ಹೋರಾಟದ ಕತೆ. ಗ್ರಾಮೀಣ ಬದುಕಿನ ನೈಜ ಚಿತ್ರಣ. ಕೊನೆಯ ಪುಟದವರೆಗೂ ಕುತೂಹಲ ಉಳಿಸಿಕೊಳ್ಳುವ ಕಾದಂಬರಿ.

ಗುಟ್ಟೇನೋ ಉಳಿಯಿತು, ಪುಸ್ತಕ ಹೋಯಿತು. ಇದರಲ್ಲಿ ಗೌರಮ್ಮ ಇಲ್ಲ, ಹುಳು ಇಲ್ಲ, ಮನಿಯಾರ್ಡರ್ ಇಲ್ಲ. ಇದೇ ಮೂರು ಸಾಲನ್ನು ನನ್ನ ಅಂಗಡಿಯಲ್ಲಿ ತಯಾರಾದ ಇನ್ನೂ ನಾಲ್ಕು ಕಾದಂಬರಿಗೆ ಅಂಟಿಸಬಹುದು. ಹೆಚ್ಚು ಹೇಳಿ ಕೆಟ್ಟವರು ಮರುಸಲ ಏನೂ ಹೇಳದೆ ಕೆಡುತ್ತಾರೆ. ಇದನ್ನು ನಾನು ಜಾಸ್ತಿ ಸಲ ನೋಡಿದ್ದೇನೆ. ಗುಟ್ಟು ಮುಚ್ಚಬೇಕು ಅಂತ ವಸ್ತುಗಳನ್ನೂ ಮುಚ್ಚಿಬಿಡುತ್ತಾರೆ. ಮುಚ್ಚಬೇಕಾದ್ದು ಒಂದೇ ಒಂದು ಸಂಗತಿ. ಉಳಿದದ್ದೆಲ್ಲ ಕಣ್ಣಿಗೆ ಕಾಣುವ ಹಾಗೆ ಇರಬೇಕು.

ಮೂರನೇ ಬರಹವನ್ನು ನಾನು ಮಾಡಿದೆ. ಇಲ್ಲಿ ತಪ್ಪು ಮಾಡಿದ್ದು ನಾನು. ಗೌರಮ್ಮ, ಯುಗಾದಿ, ಮನಿಯಾರ್ಡರ್ ಎಲ್ಲ ತಂದು, ಕೊನೆಗೆ ಹೀಗೆ ಮುಗಿಸಿದ್ದೆ: "ಪ್ರತಿ ವರ್ಷ ದುಡ್ಡು ಕಳಿಸುತ್ತಿರುವುದು ನಿಜಕ್ಕೂ ಅವಳ ಗಂಡನೇನಾ?"

ಪೆನ್ಸಿಲ್ ಲೆಕ್ಕದಲ್ಲಿ ಇದು ಪಾಸಾಗಿತ್ತು. 20ನೇ ಪುಟ ದಾಟಿದ ಒಂದು ಸಂಗತಿಯೂ ಇಲ್ಲ. ಲೇಖಕಿಗೂ ಹಿಡಿಸಿತು. ಪುಸ್ತಕ ಓದಿರದ ನನ್ನ ಅಕ್ಕನ ಮಗಳಿಗೆ ತೋರಿಸಿದೆ. ನಾನು ಯಾವಾಗಲೂ ಕೇಳುವುದು ಒಂದೇ ಪ್ರಶ್ನೆ: ಮುಂದೆ ಏನಾಗಬಹುದು? "ಚೆನ್ನಾಗಿದೆಯಾ" ಅಂತ ಕೇಳಬಾರದು, ಎಲ್ಲರೂ ಚೆನ್ನಾಗಿದೆ ಅಂತಲೇ ಅಂತಾರೆ. ಅವಳು ಒಂದು ಗಳಿಗೆ ಯೋಚಿಸಿ, "ಗಂಡ ಅಲ್ಲ ಅಂದ್ರೆ ಮನೆಯವರೇ ಯಾರೋ ಕಳಿಸ್ತಿರ್ತಾರೆ ಮಾವ. ಅತ್ತೆ ಇದ್ದಾಳಾ ಕತೇಲಿ?" ಅಂದಳು.

ಎಲ್ಲಿ ತಪ್ಪಿತು ಅಂತ ಹುಡುಕುತ್ತಾ ಪುಸ್ತಕಕ್ಕೇ ಮರಳಿ ಹೋದೆ. ಗೌರಮ್ಮನಿಗೆ ಮೊದಲ ನೂರು ಪುಟದಲ್ಲಿ ಎಲ್ಲೂ ಈ ಅನುಮಾನವೇ ಬರುವುದಿಲ್ಲ. ಕಳಿಸುತ್ತಿರುವುದು ಗಂಡನೇ ಅಂತ ಅವಳು ನಂಬಿದ್ದಾಳೆ. ಅವಳ ಸಂಕಟ ಬೇರೆ: ದುಡ್ಡು ಕಳಿಸುವವನು ಯಾಕೆ ಬರುವುದಿಲ್ಲ? ನಾನು ಕೇಳಿದ್ದು ಗೌರಮ್ಮನ ಪ್ರಶ್ನೆಯನ್ನಲ್ಲ. ಕೊನೆ ಓದಿದವನ ಪ್ರಶ್ನೆಯನ್ನು. ಉತ್ತರ ಗೊತ್ತಿರುವವನು ಕೇಳುವ ಪ್ರಶ್ನೆ ಉತ್ತರದ ಕಡೆಗೇ ಬೆರಳು ತೋರಿಸುತ್ತದೆ. ಹಾಗಾಗಿ ಪೋಸ್ಟಿನಲ್ಲಿ ಬರುವ ಪ್ರಶ್ನೆ ಆ ಪುಟದಲ್ಲಿ ಆ ಪಾತ್ರದ ಬಾಯಲ್ಲಿ ಇರುವ ಪ್ರಶ್ನೆಯೇ ಆಗಿರಬೇಕು. ಪೋಸ್ಟಿಗೆ ಗೌರಮ್ಮನಿಗಿಂತ ಜಾಸ್ತಿ ಗೊತ್ತಿರಬಾರದು. "ಅನಿರೀಕ್ಷಿತ ತಿರುವು" ಅನ್ನುವ ಮಾತನ್ನು ಕಿತ್ತುಹಾಕಿದ್ದೂ ಇದೇ ಕಾರಣಕ್ಕೆ. ತಿರುವು ಇದೆ ಅಂತ ಮೊದಲೇ ಹೇಳಿದರೆ ಓದುಗರು ಪ್ರತಿ ಪುಟದಲ್ಲೂ ಕತೆಯ ಬದಲು ತಿರುವನ್ನೇ ಹುಡುಕುತ್ತಾರೆ.

ಆಮೇಲೆ ಒಂದು ಪದದ ಮೇಲೆ ಅರ್ಧ ದಿನ ಹೋಯಿತು. "ಗಂಡನ ಹೆಸರಲ್ಲಿ ಮನಿಯಾರ್ಡರ್ ಬಂತು" ಅಂತ ಬರೆದಿದ್ದೆವು. ಈ "ಹೆಸರಲ್ಲಿ" ಅನ್ನುವುದು ಕೆಟ್ಟ ಪದ. ಬೇರೆಯವರ ಹೆಸರಲ್ಲಿ ಜಮೀನು, ಹೆಂಡತಿ ಹೆಸರಲ್ಲಿ ಸೈಟು ಅಂತ ನಾವು ದಿನಾ ಆಡುವ ಮಾತು. ಹೆಸರು ಒಬ್ಬರದು, ಕೈ ಇನ್ನೊಬ್ಬರದು ಅನ್ನುವ ವಾಸನೆ ಆ ಪದದಲ್ಲೇ ಇದೆ. ಹಾಗಾದರೆ "ಗಂಡ ದುಡ್ಡು ಕಳಿಸಿದ" ಅಂತ ಬರೆಯೋಣವಾ ಅಂದೆ. ಮೇಡಂ ಒಪ್ಪಲಿಲ್ಲ. "ಅದು ಸುಳ್ಳಾಗುತ್ತಲ್ಲಪ್ಪ. ಪುಸ್ತಕ ಓದಿ ಮುಗಿಸಿದವರು ನನ್ನ ಪೋಸ್ಟ್ ನೆನೆಸ್ಕೊಂಡು ಮೋಸ ಮಾಡಿದ್ಲು ಅಂತಾರೆ." ಅವರು ಹೇಳಿದ್ದು ಪೂರ್ತಿ ಸರಿ. ಮುಚ್ಚಿಡುವುದು ಬೇರೆ, ಸುಳ್ಳು ಹೇಳುವುದು ಬೇರೆ. ಲೇಖಕಿಯ ದನಿಯಲ್ಲಿ ಬಂದ ಒಂದು ಸುಳ್ಳು ಪುಸ್ತಕದ ಮೇಲಿನ ನಂಬಿಕೆಯನ್ನೇ ಕೆಡಿಸುತ್ತದೆ.

ದಾರಿ ಅವರ ಪುಸ್ತಕದಲ್ಲೇ ಇತ್ತು. 11ನೇ ಪುಟದಲ್ಲಿ ಪೋಸ್ಟ್‌ಮ್ಯಾನ್ ಅಂಗಳದಲ್ಲಿ ಸೈಕಲ್ ನಿಲ್ಲಿಸಿ, "ಗೌರಮ್ಮಾ, ನಿಮ್ಮ ಯಜಮಾನ್ರು ದುಡ್ಡು ಕಳಿಸವ್ರೆ" ಅಂತ ಕೂಗುತ್ತಾನೆ. ಅವನು ಫಾರಂ ನೋಡಿ ಹೇಳಿದ್ದು. ಅವನ ಮಟ್ಟಿಗೆ ಅದು ನಿಜ. ಲೇಖಕಿ ಸುಳ್ಳು ಹೇಳಲಿಲ್ಲ, ಓದುಗರಿಗೆ ಅನುಮಾನವೂ ಬರುವುದಿಲ್ಲ. ಆ ಮಾತನ್ನು ಹಾಗೇ ಎತ್ತಿ ಪೋಸ್ಟಿಗೆ ಹಾಕಿದೆವು.

ಚಿಂತಾಮಣಿಯನ್ನು ಬಿಟ್ಟದ್ದಕ್ಕೆ ಕಾರಣ ನಮ್ಮ ಸೀಮೆಯದ್ದು. ಮನಿಯಾರ್ಡರ್ ಫಾರಂ ಮೇಲೆ ಚಿಂತಾಮಣಿ ಅಂಚೆ ಕಚೇರಿಯ ಮೊಹರು ಇದೆ ಅನ್ನುವುದು 11ನೇ ಪುಟದಲ್ಲೇ ಬರುತ್ತದೆ, ಅಳತೆಯ ಒಳಗೇ ಇದೆ. ಆದರೆ ನಮ್ಮ ಕಡೆಯವರಿಗೆ ಚಿಂತಾಮಣಿ ಅಂದ ತಕ್ಷಣ ಅದೇ ತಾಲೂಕಿನ ಕೈವಾರ ನೆನಪಾಗುತ್ತದೆ. ಅತ್ತೆ ವರ್ಷಕ್ಕೊಂದು ಸಲ ಕೈವಾರದ ತಾತಯ್ಯನವರ ಸನ್ನಿಧಿಗೆ ಹೋಗಿಬರುತ್ತಾಳೆ ಅನ್ನುವುದು 23ನೇ ಪುಟದಲ್ಲಿ ಸುಮ್ನೆ ಒಂದು ಸಾಲಾಗಿ ಬರುತ್ತದೆ. ಪುಸ್ತಕದೊಳಗೆ ಅದು ನೂರಾರು ಸಾಲಿನ ನಡುವೆ ಅಡಗುತ್ತದೆ. ಹದಿನೈದು ಸಾಲಿನ ಪೋಸ್ಟಿನಲ್ಲಿ ಊರಿನ ಹೆಸರು ದೀಪದ ಹಾಗೆ ಉರಿಯುತ್ತದೆ. ಪೋಸ್ಟಿನಲ್ಲಿ ಅದನ್ನು ಓದಿ ತಲೆಯಲ್ಲಿಟ್ಟುಕೊಂಡವರು 23ನೇ ಪುಟಕ್ಕೆ ಬಂದಾಗ ಅಲ್ಲೇ ಹಿಡಿದುಬಿಡುತ್ತಾರೆ. ಪುಟದ ಅಂಕಿ ಒಂದೇ ಸಾಲದು, ಸಣ್ಣ ಬರಹದಲ್ಲಿ ಪ್ರತಿ ವಸ್ತುವಿನ ತೂಕ ಹೆಚ್ಚುತ್ತದೆ ಅನ್ನುವುದನ್ನೂ ನೋಡಬೇಕು.

ಅತ್ತೆಯನ್ನು ಪೂರ್ತಿ ಬಿಡುವುದು ಮೇಡಂಗೆ ಕಷ್ಟವಾಯಿತು. ಪುಸ್ತಕದ ಜೀವವೇ ಅವಳು. "ಒಂದು ಸಾಲಲ್ಲಾದರೂ ಇರಲಿ" ಅಂದರು. ಇಟ್ಟು ನೋಡಿದೆವು. ಗಂಡ ಇಲ್ಲ, ಮಗಳು ಚಿಕ್ಕವಳು, ಇನ್ನು ಉಳಿದ ದೊಡ್ಡವಳು ಅವಳೊಬ್ಬಳೇ. ಹೆಸರು ಬಂದ ಕೂಡಲೇ ಕಣ್ಣು ಅವಳ ಮೇಲೆ ಹೋಗುತ್ತದೆ. ತೆಗೆದೆವು.

ಶುರುವಿನ ಸಾಲಿಗೆ ಬಂದೆವು. ಫೇಸ್‌ಬುಕ್ ಉದ್ದದ ಬರಹವನ್ನು ಕೆಲವು ಸಾಲಿಗೇ ಮಡಚಿಬಿಡುತ್ತದೆ, ವಾಟ್ಸಾಪ್ ಕೂಡ ಉದ್ದದ ಸಂದೇಶವನ್ನು ಅರ್ಧಕ್ಕೆ ಮುಚ್ಚುತ್ತದೆ. ಒತ್ತಿದವರಿಗೆ ಮಾತ್ರ ಉಳಿದದ್ದು. ಮೊದಲ ಪೋಸ್ಟಿನಲ್ಲಿ ಮಡಿಕೆಯ ಮೇಲೆ ಕಾಣುತ್ತಿದ್ದದ್ದು ಕೃತಜ್ಞತೆ ಮಾತ್ರ. ಕೃತಜ್ಞತೆ ಬೇಡ ಅಂತಲ್ಲ. ಅದು ಪುಸ್ತಕದ ಮೊದಲ ಪುಟಗಳಲ್ಲಿ ಅಚ್ಚಾಗಿತ್ತು. ಪೋಸ್ಟಿನ ಮೊದಲ ಜಾಗವನ್ನು ಕಾದಂಬರಿಯ ಹೆಸರಿಗೇ ಕೊಟ್ಟೆವು.

ರೇಷ್ಮೆ ಸಾಕುವವರಿಗೆಲ್ಲ ಗೊತ್ತು, ಹುಳುವಿಗೆ ನಾಲ್ಕೇ ಜ್ವರ. ಐದನೇ ಜ್ವರ ಅನ್ನುವುದು ಇಲ್ಲವೇ ಇಲ್ಲ. ಅಂಗಡಿಗೆ ಬಿಲ್ ಬುಕ್ ಮಾಡಿಸಲು ಬಂದ, ಗೂಡಿನಿಂದ ನೂಲು ತೆಗೆಯುವ ಒಬ್ಬ ರೀಲರ್ ಕವರ್ ನೋಡಿದವರೇ, "ನಾಲ್ಕನೇದು ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟುತ್ತೆ, ಐದನೇದು ಎಲ್ಲಿಂದ ಬಂತು?" ಅಂತ ಕೇಳಿದ್ದರು. ಆ ಪ್ರಶ್ನೆಯೇ ನಮಗೆ ಬೇಕಾದ್ದು. ಆದರೆ ಧಾರವಾಡದಲ್ಲೋ ಮಂಗಳೂರಲ್ಲೋ ಓದುವವರಿಗೆ ಜ್ವರ ಅಂದರೆ ಮೈ ಬಿಸಿಯಾಗುವುದು ಅಷ್ಟೇ. ಅವರಿಗಾಗಿ ಒಂದು ವಾಕ್ಯ ಬಿಡಿಸಿ ಹೇಳಬೇಕಾಯಿತು. ಹೆಸರಿನ ನಿಜವಾದ ಅರ್ಥವನ್ನು ಮಾತ್ರ 176ನೇ ಪುಟಕ್ಕೇ ಬಿಟ್ಟೆವು.

ಕೊನೆಗೆ ನಿಂತ ಪೋಸ್ಟ್ ಇದು:

> ರೇಷ್ಮೆ ಹುಳುವಿಗೆ ನಾಲ್ಕೇ ಜ್ವರ.
>
> ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಮಲಗುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ. ನಾಲ್ಕನೆಯದು ಎದ್ದರೆ ಮುಗಿಯಿತು. ಆಮೇಲೆ ಮನೆ ತುಂಬಾ ಮಳೆ ಬಿದ್ದ ಹಾಗೆ ಸೊಪ್ಪು ಮೇಯುವ ಸದ್ದು.
>
> 1990. ಶಿಡ್ಲಘಟ್ಟ ಆಗಿನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಗೂಡು ಮಾರಿ ಬರ್ತೀನಿ ಅಂತ ಹೋದ ಗೌರಮ್ಮನ ಗಂಡ ಮನೆಗೆ ಬರಲಿಲ್ಲ. ಮುಂದಿನ ಯುಗಾದಿಗೆ ಪೋಸ್ಟ್‌ಮ್ಯಾನ್ ಬಂದ. "ಗೌರಮ್ಮಾ, ನಿಮ್ಮ ಯಜಮಾನ್ರು ದುಡ್ಡು ಕಳಿಸವ್ರೆ."
>
> 200 ರೂಪಾಯಿ. ಸಂದೇಶ ಬರೆಯುವ ಜಾಗ ಖಾಲಿ.
>
> ಅದರ ಮುಂದಿನ ಯುಗಾದಿಗೂ ಬಂತು. ಅದರ ಮುಂದಿನದಕ್ಕೂ.
>
> ಗೌರಮ್ಮ ಪ್ರತಿ ಸಲ ಸಹಿ ಹಾಕಿ ದುಡ್ಡು ತಗೊಂಡಳು. ಚೀಟಿಯನ್ನು ಸೊಪ್ಪಿನ ಲೆಕ್ಕದ ಪುಸ್ತಕದೊಳಗೆ ಇಟ್ಟಳು. ದುಡ್ಡು ಕಳಿಸೋಕೆ ನೆನಪಿರೋನಿಗೆ ಮನೆ ದಾರಿ ನೆನಪಿಲ್ವಾ?
>
> ಐದನೇ ಜ್ವರ. ಕಾದಂಬರಿ. 184 ಪುಟ, 220 ರೂಪಾಯಿ. ಬೇಕಾದವರು ಈ ನಂಬರಿಗೆ ವಿಳಾಸ ಕಳಿಸಿ.

ಇದನ್ನು ಮತ್ತೆ ಇಬ್ಬರಿಗೆ ತೋರಿಸಿದೆ. ಅಕ್ಕನ ಮಗಳಿಗೆ ಅಲ್ಲ, ಅವಳಿಗೆ ಆಗಲೇ ಸುಳಿವು ಸಿಕ್ಕಿತ್ತು. ಒಮ್ಮೆ ಗುಟ್ಟಿನ ಹತ್ತಿರ ಹೋದವರನ್ನು ಮತ್ತೆ ಪರೀಕ್ಷೆಗೆ ಕೂರಿಸಬಾರದು. ಪಕ್ಕದ ಮೆಡಿಕಲ್ ಸ್ಟೋರಿನ ಹುಡುಗ, "ಗಂಡ ಎಲ್ಲೋ ಇನ್ನೊಂದು ಸಂಸಾರ ಮಾಡ್ಕೊಂಡಿರ್ತಾನೆ ಅಣ್ಣಾ" ಅಂದ. ನಮ್ಮ ಓಣಿಯ ಒಬ್ಬ ಅಮ್ಮ, "ಜೈಲಲ್ಲಿ ಇರ್ಬೇಕು, ಪಾಪ" ಅಂದರು. ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. 60ನೇ ಪುಟದ ತನಕ ಗೌರಮ್ಮನ ಓರಗಿತ್ತಿ ಹೇಳುವುದೂ ಇನ್ನೊಂದು ಸಂಸಾರದ ಮಾತನ್ನೇ. ಓದುಗರು ಪುಸ್ತಕ ತೆಗೆಯುವಾಗ ಎಲ್ಲಿ ನಿಂತಿರಬೇಕೋ ಅಲ್ಲೇ ನಿಂತಿದ್ದರು.

ಎಲ್ಲ ಆಯಿತು ಅಂದುಕೊಂಡು ಪೋಸ್ಟಿಗೆ ಕವರ್ ಚಿತ್ರ ಸೇರಿಸಿದೆ. ಬೆಚ್ಚಿಬಿದ್ದೆ. ಚಿತ್ರದಲ್ಲಿ ಸುಕ್ಕುಗಟ್ಟಿದ ಒಂದು ಮುದಿ ಕೈ ಮನಿಯಾರ್ಡರ್ ಫಾರಂ ಹಿಡಿದಿತ್ತು. ಕಲಾವಿದರು ಪೂರ್ತಿ ಕರಡು ಓದಿ, ಮನಸ್ಸಿಗೆ ತಟ್ಟಿದ ದೃಶ್ಯವನ್ನೇ ಬರೆದಿದ್ದರು. ಒಂದು ವಾರದಿಂದ ನಾವು ಮಾತಲ್ಲಿ ಮುಚ್ಚಿದ್ದನ್ನು ಚಿತ್ರ ಬಾಯಿಬಿಟ್ಟು ಹೇಳುತ್ತಿತ್ತು. ಅದೇ ಕವರನ್ನು ದಿನಾ ನೋಡುತ್ತಿದ್ದ ನನ್ನ ಕಣ್ಣಿಗೆ ಇದು ಬೀಳಲೇ ಇಲ್ಲ, ಯಾಕೆಂದರೆ ನನಗೆ ಕತೆ ಗೊತ್ತಿತ್ತು. ಕವರ್ ಇನ್ನೂ ಅಚ್ಚಾಗಿರಲಿಲ್ಲ, ನಮ್ಮ ಪುಣ್ಯ. ಕೈ ಹೋಗಿ, ಹುಳು ಗೂಡು ಕಟ್ಟಿದ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆಯ ಚಿತ್ರ ಬಂತು.

ಮುನ್ನುಡಿಯನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಹಿರಿಯರೊಬ್ಬರು ಪ್ರೀತಿಯಿಂದ ಬರೆದದ್ದು, ಅತ್ತೆಯ ಪಾತ್ರವನ್ನು ಎರಡು ಪುಟ ಬಿಡಿಸಿ ಹೊಗಳಿದ್ದಾರೆ. ಆ ಪುಟಗಳು ಅಚ್ಚಾಗಿದ್ದವು. ಮುನ್ನುಡಿಯ ಫೋಟೊ ಹಾಕಬೇಡಿ ಅಂತ ಮಾತ್ರ ಮೇಡಂಗೆ ಹೇಳಿದೆ. ಮರುಮುದ್ರಣವಾದರೆ ಅದನ್ನು ಹಿನ್ನುಡಿಯಾಗಿ ಕೊನೆಗೆ ಒಯ್ಯುವ ಮಾತಾಗಿದೆ.

ಈ ರೀತಿ ಎಲ್ಲ ಪುಸ್ತಕಕ್ಕೂ ಹೊಂದುವುದಿಲ್ಲ. ಇದೇ ಕಾದಂಬರಿ ಅತ್ತೆ ಅಂಚೆ ಕಚೇರಿಯ ಕಿಟಕಿ ಮುಂದೆ ನಿಂತಿರುವ ದೃಶ್ಯದಿಂದ ಶುರುವಾಗಿದ್ದರೆ, ಅವಳು ಕಳಿಸುವುದು ಗುಟ್ಟೇ ಆಗುತ್ತಿರಲಿಲ್ಲ. ಪೋಸ್ಟಿನ ಮೊದಲ ಸಾಲಲ್ಲೇ ಹೇಳಬಹುದಿತ್ತು. ಆಗಿನ ಪ್ರಶ್ನೆ ಬೇರೆ: ಇದು ಎಷ್ಟು ಯುಗಾದಿ ನಡೆಯುತ್ತದೆ? ಯಾವುದು ಗುಟ್ಟು ಅನ್ನುವುದನ್ನು ತೀರ್ಮಾನ ಮಾಡುವುದು ಪುಸ್ತಕದಲ್ಲಿ ಕತೆ ಕಟ್ಟಿದ ರೀತಿ.

ಪೋಸ್ಟ್ ಹಾಕಿದ್ದು ಒಂದು ಭಾನುವಾರ ಬೆಳಿಗ್ಗೆ. ಎಷ್ಟು ಪ್ರತಿ ಪೋಸ್ಟಿನಿಂದ ಹೋಯಿತು, ಎಷ್ಟು ಹಳೇ ವಿದ್ಯಾರ್ಥಿಗಳ ಅಭಿಮಾನದಿಂದ ಹೋಯಿತು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಎರಡು ವಾರ ಆದಮೇಲೆ ವಿಜಯಪುರದ ಒಬ್ಬ ಓದುಗರು ರಾತ್ರಿ ಒಂಬತ್ತಕ್ಕೆ ಮೇಡಂಗೆ ಫೋನ್ ಮಾಡಿದರಂತೆ. "ಐವತ್ತು ಪುಟ ಆಯ್ತು ಮೇಡಂ, ಅವನಿಗೆ ಇನ್ನೊಂದು ಸಂಸಾರ ಇದೆ ಅಲ್ವಾ?" ಮೇಡಂ "ಓದಿ" ಅಂದು ಫೋನ್ ಇಟ್ಟರು. ಮಾರನೇ ದಿನ ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಮತ್ತೆ ಅದೇ ನಂಬರಿಂದ ಫೋನ್. ಆ ಹೆಂಗಸು ಗಂಡನ ಮಾತೇ ಎತ್ತಲಿಲ್ಲ. "ಕೈವಾರಕ್ಕೆ ಹೋಗ್ತಿದ್ದಿದ್ದು 23ನೇ ಪುಟದಲ್ಲೇ ಇತ್ತಲ್ಲ ಮೇಡಂ. ಓದಿದ್ದೆ. ನೋಡಲೇ ಇಲ್ಲ."